ಭೂಮಿ ಹುಣ್ಣಿಮೆಯ ಕತೆಯನ್ನು ಫ್ರೆಂಚಿಗೆ ಒಯ್ಯುವುದು: ಟಿಪ್ಪಣಿಯ ಭಾರವಿಲ್ಲದೆ ಅನುವಾದಿಸಲು ಸಮಗ್ರ ಮಾರ್ಗದರ್ಶಿ

ಮಲೆನಾಡಿನ ಹಬ್ಬದ ಕತೆಗಳನ್ನು ಫ್ರೆಂಚಿಗೆ ಅನುವಾದಿಸುವವರ ಕರಡುಗಳನ್ನು ನೋಡುತ್ತ ಬಂದಿದ್ದೇನೆ. ಭಾಷೆ ಚೆನ್ನಾಗಿ ಬಲ್ಲವರದ್ದೂ ಒಂದೇ ಕಡೆ ಮುಗ್ಗರಿಸುತ್ತದೆ. ಮೊದಲ ಪುಟದಲ್ಲೇ ಬುಟ್ಟಿಗೊಂದು ವಿವರಣೆ, ಕಡುಬಿಗೊಂದು ವಿವರಣೆ, ಹುಣ್ಣಿಮೆಗೊಂದು ಅಡಿಟಿಪ್ಪಣಿ. ಕತೆಯ ಹೆಂಗಸು ಬಾಯಿ ತೆರೆಯುವ ಹೊತ್ತಿಗೆ ಓದುಗ ಜಾನಪದ ಪಾಠ ಕೇಳಿ ದಣಿದಿರುತ್ತಾನೆ. ಇಷ್ಟೆಲ್ಲ ವಿವರಿಸಿದ ಮೇಲೂ ಕತೆ ತಿರುಗುವ ಜಾಗದಲ್ಲಿ ಅವನಿಗೆ ನಿಜವಾಗಿ ಬೇಕಾದ ಒಂದು ಸಂಗತಿ ಸಿಕ್ಕಿರುವುದಿಲ್ಲ. ಸಾಹಿತ್ಯ ಪತ್ರಿಕೆಗಳು ಹಗುರವಾದ ಟಿಪ್ಪಣಿ ಸಾಕು ಎನ್ನುವುದು ಜಾಗ ಉಳಿಸಲು ಮಾತ್ರವಲ್ಲ, ಕತೆ ಕತೆಯಾಗಿಯೇ ಓದಿಸಿಕೊಂಡು ಹೋಗಲಿ ಎಂದು.

ತಪ್ಪಿನ ಮೂಲ ಕೆಲಸದ ಕ್ರಮದಲ್ಲಿದೆ. ವಿವರಣೆಯನ್ನು ಮೊದಲೇ ಹಾಕುತ್ತಾ ಹೋಗುತ್ತೇವೆ, ಅದನ್ನು ಹಾಕಬೇಕಾದದ್ದು ಕೊನೆಗೆ. ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ.

ಉದಾಹರಣೆಗೆ ಪಾಠಕ್ಕೆಂದೇ ಬರೆದ ಒಂದು ತುಣುಕನ್ನು ಇಟ್ಟುಕೊಳ್ಳೋಣ. ಸೊರಬದ ಕಡೆ ಬೇಸಾಯ ಮಾಡುವ ದೀವರ ಸಮುದಾಯದ ಒಂದು ಮನೆ, ಭೂಮಿ ಹುಣ್ಣಿಮೆಯ ಜಾವ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದ ಸೊಸೆ ಸಾವಿತ್ರಿ.

«ಗದ್ದೆ ಹೊಡೆಗೆ ಬಂದಿತ್ತು. ಅತ್ತೆ ರಾತ್ರಿಯಿಡೀ ಒಲೆ ಮುಂದೆ ಕೂತು ಹಚ್ಚಂಬಲಿ ಬೇಯಿಸಿದಳು. ಜಾವಕ್ಕೆ ಗಂಡಸರು ಬುಟ್ಟಿ ಹೊತ್ತು ದಣಪೆ ದಾಟಿದರು. ಸಾವಿತ್ರಿ ಬಾಗಿಲ ಒಳಗೇ ನಿಂತಿದ್ದಳು. ‘ಹೊತ್ತು ಮೂಡಿದ ಮೇಲೆ ನೀನೂ ಬಾರೇ, ಬಯಕೆ ಊಟ ಅಲ್ದಾ’ ಅಂದಳು ಅತ್ತೆ. ಅಂದವಳು ನಾಲಿಗೆ ಕಚ್ಚಿಕೊಂಡಳು.»

ಇದನ್ನು ಓದಿದ ಸಾಗರದ ಓದುಗನಿಗೆ ಅತ್ತೆ ಯಾಕೆ ನಾಲಿಗೆ ಕಚ್ಚಿಕೊಂಡಳೆಂದು ಯಾರೂ ಹೇಳಬೇಕಿಲ್ಲ. ಹೊಡೆಗೆ ಬಂದ, ಅಂದರೆ ಎಲೆಯ ಸುರುಳಿಯೊಳಗೆ ತೆನೆ ಹೊತ್ತ ಭೂಮಿ ಬಸುರಿ, ಈ ಹಬ್ಬ ಅವಳ ಬಯಕೆ ತೀರಿಸುವ ಸೀಮಂತ ಎಂಬುದು ಅವನಿಗೆ ಗೊತ್ತು. ಫ್ರಾನ್ಸಿನ ಲಿಯೋನಿನಲ್ಲಿ ಕೂತು ಓದುವವಳಿಗೆ ಅದು ಗೊತ್ತಿಲ್ಲ. ಈ ಮಾರ್ಗದರ್ಶಿ ಇರುವುದು ಆ ಒಂದು ಸಂಗತಿಯನ್ನು ಅವಳಿಗೆ ಮುಟ್ಟಿಸುವುದು ಹೇಗೆ ಎಂದು ತೋರಿಸಲು.

## ಕೈಯಲ್ಲಿ ಏನೇನಿರಬೇಕು

ಕನ್ನಡದ ಕಡೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಜೊತೆಗೆ 1894ರ ಕಿಟೆಲ್. ಹಳ್ಳಿಯ ಎಷ್ಟೋ ಪದಗಳು ಕಿಟೆಲ್‌ನಲ್ಲಿ ಸಿಗುತ್ತವೆ. ಆದರೆ ಹಬ್ಬದ ಪದಗಳಿಗೆ ನಿಘಂಟನ್ನಷ್ಟೇ ನಂಬಬೇಡಿ. ಆ ಹಬ್ಬವನ್ನು ಮನೆಯಲ್ಲಿ ಮಾಡುವ ಒಬ್ಬ ಹಿರಿಯ ಹೆಂಗಸಿನ ಜೊತೆ ಅರ್ಧ ಗಂಟೆ ಮಾತಾಡಿ. ಸೊಪ್ಪಿನ ಎಡೆಯಾದ ಹಚ್ಚಂಬಲಿಗೆ ಏನೇನು ಹಾಕುತ್ತಾರೆ, ಬುಟ್ಟಿಗೆ ಯಾವಾಗ ಕೆಮ್ಮಣ್ಣು ಬಳಿಯುತ್ತಾರೆ, ಚಿತ್ತಾರ ಬರೆಯುವವರು ಯಾರು ಎಂದು ಕೇಳಿ. ಇದರಲ್ಲಿ ಮುಕ್ಕಾಲು ಪಾಲು ಅನುವಾದದೊಳಗೆ ಬರುವುದಿಲ್ಲ. ಆದರೂ ತಿಳಿದಿರಬೇಕು. ಇಲ್ಲದಿದ್ದರೆ ಬಣ್ಣ ಬಳಿದ ಬಿದಿರಿನ ಬುಟ್ಟಿ ನಿಮ್ಮ ಕೈಯಲ್ಲಿ ಸಂತೆಗೆ ಒಯ್ಯುವ ಬುಟ್ಟಿಯಾಗಿಬಿಡುತ್ತದೆ.

ಫ್ರೆಂಚಿನ ಕಡೆಗೆ ಒಂದು ದೊಡ್ಡ ಏಕಭಾಷಾ ನಿಘಂಟು ಬೇಕು. ‘ತ್ರೆಝೋರ್’ ಎಂದು ಕರೆಯುವ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಹಳ್ಳಿಗಾಡಿನ ಬಳಕೆಗಳನ್ನೂ ಉದಾಹರಣೆಯೊಂದಿಗೆ ಕೊಡುತ್ತದೆ. ಇಂಗ್ಲಿಷ್ ಮೂಲಕ ದಾರಿ ಹುಡುಕಬೇಡಿ. ಅದರ ಕೆಡುಕು ಶೀರ್ಷಿಕೆಯಲ್ಲೇ ಶುರುವಾಗುತ್ತದೆ. ಹಬ್ಬವನ್ನು ಇಂಗ್ಲಿಷಿನಲ್ಲಿ ಫೆಸ್ಟಿವಲ್ ಎನ್ನುತ್ತೇವೆಂದು ಫ್ರೆಂಚಿನಲ್ಲಿ ‘ಫೆಸ್ತಿವಾಲ್’ ಎಂದು ಬರೆದರೆ ಓದುಗನಿಗೆ ಕಾಣುವುದು ಸಿನಿಮಾ ಅಥವಾ ಸಂಗೀತದ ಉತ್ಸವ. ಹಳ್ಳಿಯ ಹಬ್ಬಕ್ಕೆ ‘ಫೆತ್’ ಎನ್ನಬೇಕು.

ಕೊನೆಯದಾಗಿ ಒಬ್ಬ ಮನುಷ್ಯ ಬೇಕು: ಫ್ರೆಂಚ್ ತಾಯ್ನುಡಿಯಾಗಿರುವ, ಸಾಹಿತ್ಯ ಓದುವ, ನಿಮ್ಮ ಜೊತೆ ಕೂತು ವಾಕ್ಯ ತಿದ್ದುವ ಸಂಗಾತಿ. ನಾವು ಕನ್ನಡಿಗರು ಎಷ್ಟೇ ಫ್ರೆಂಚ್ ಕಲಿತಿದ್ದರೂ ಕಥನದ ಗದ್ಯಕ್ಕೆ ಈ ಜೋಡಿ ಬೇಕೇ ಬೇಕು. ಇಬ್ಬರ ಹೆಸರನ್ನೂ ಹಾಕಿ ಕಳಿಸುವುದು ಅಲ್ಲಿ ರೂಢಿಯೇ.

## ಹಂತ 1: ಅನುಮತಿ ಮತ್ತು ಅಳತೆ

ಅನುವಾದದ ಹಕ್ಕು ಕತೆಗಾರರದ್ದು. ಅವರು ತೀರಿಕೊಂಡಿದ್ದರೆ, ಭಾರತದ ಕಾನೂನಿನ ಪ್ರಕಾರ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ವಾರಸುದಾರರದ್ದು. ಬಾಯಿಮಾತಿನ ‘ಮಾಡಿ ಮಾರಾಯ್ರೆ’ ಸಾಲದು. ಯಾವ ಕತೆ, ಯಾವ ಭಾಷೆ, ಪತ್ರಿಕೆಯಲ್ಲಿ ಒಂದು ಸಲ ಪ್ರಕಟಣೆಗೆ ಎಂದು ಒಂದೇ ಪುಟದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಅಳತೆಯಲ್ಲೂ ಎಡವುತ್ತಾರೆ. ಫ್ರೆಂಚ್ ಪತ್ರಿಕೆಗಳು ಉದ್ದವನ್ನು ಪದಗಳಲ್ಲಲ್ಲ, ‘ಸೀನ್’ಗಳಲ್ಲಿ ಕೇಳುತ್ತವೆ, ಅಂದರೆ ಖಾಲಿ ಜಾಗವೂ ಸೇರಿ ಅಕ್ಷರಗಳಲ್ಲಿ. 1500 ಸೀನ್ ಸೇರಿದರೆ ಒಂದು ‘ಫೆಯ್ಯೆ’. ಕನ್ನಡ ಕಡತದ ಅಕ್ಷರ ಎಣಿಕೆ ನೋಡಿ ಅಂದಾಜು ಮಾಡಬೇಡಿ, ಏಕೆಂದರೆ ಕಂಪ್ಯೂಟರು ‘ಕ್ಕೆ’ ಎಂಬ ಒಂದು ಅಕ್ಷರವನ್ನು ನಾಲ್ಕಾಗಿ ಎಣಿಸುತ್ತದೆ. ಪದಗಳ ಲೆಕ್ಕವೂ ಕೈಕೊಡುತ್ತದೆ. ‘ಹೋಗಲಾರದವಳಂತೆ’ ಎಂಬ ನಮ್ಮ ಒಂದು ಪದ ಅಲ್ಲಿ ಆರೇಳು ಪದವಾಗುತ್ತದೆ. ಮೊದಲ ಎರಡು ಪುಟ ಅನುವಾದಿಸಿ, ಅದನ್ನು ಎಣಿಸಿ, ಉಳಿದದ್ದಕ್ಕೆ ಗುಣಿಸಿ. ಮಿತಿ ಮೀರುವಂತಿದ್ದರೆ ಬೇರೆ ಕತೆ ಆರಿಸಿ. ಕತೆಯ ನಡುವೆ ಕತ್ತರಿ ಆಡಿಸುವ ಅಧಿಕಾರ ನಮಗಿಲ್ಲ.

## ಹಂತ 2: ಕತೆ ಎಲ್ಲಿ ತಿರುಗುತ್ತದೆ ಎಂದು ಗುರುತಿಸಿ

ಪೆನ್ಸಿಲ್ ಹಿಡಿದು ಓದಿ, ಆದರೆ ಕಷ್ಟದ ಪದಗಳಿಗೆ ಗೆರೆ ಹಾಕಬೇಡಿ. ಅದು ಮುಂದಿನ ಕೆಲಸ. ಈ ಓದಿನಲ್ಲಿ ಹುಡುಕಬೇಕಾದದ್ದು, ಹಬ್ಬದ ಬಗ್ಗೆ ಏನು ಗೊತ್ತಿಲ್ಲದಿದ್ದರೆ ಈ ಕತೆ ಅರ್ಥವೇ ಆಗುವುದಿಲ್ಲ ಎಂಬುದನ್ನು. ಅದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ.

ನಮ್ಮ ತುಣುಕಿಗೆ ಆ ವಾಕ್ಯ ಇದು: ಹೊಡೆಗೆ ಬಂದ ಗದ್ದೆ ಬಸುರಿ, ಈ ಊಟ ಅವಳ ಬಯಕೆಯದ್ದು. ಅಷ್ಟೇ. ಹುಣ್ಣಿಮೆ ಆಶ್ವಯುಜ ಮಾಸದ್ದು, ಅದನ್ನು ಶೀಗೆ ಹುಣ್ಣಿಮೆ ಎಂದೂ ಕರೆಯುತ್ತಾರೆ, ಬುಟ್ಟಿಯ ಬಿಳಿ ಗೆರೆ ಅಕ್ಕಿ ಹಿಟ್ಟಿನದು, ಕುಂಚ ಪುಂಡಿ ನಾರಿನದು, ಪೂಜೆಯಲ್ಲಿ ಕಾಗೆಗೂ ಎಡೆಯುಂಟು. ಇವೆಲ್ಲ ನಿಜ, ಇವೆಲ್ಲ ಚಂದ, ಈ ಕತೆಗೆ ಇವು ಯಾವುದೂ ಬೇಡ. ಬೇರೆ ಕತೆಯಲ್ಲಿ ಲೆಕ್ಕ ಬದಲಾಗುತ್ತದೆ. ಬುಟ್ಟಿಗೆ ಚಿತ್ತಾರ ಬರೆಯುವ ಕೈ ನಡುಗುವುದೇ ಕತೆಯಾಗಿದ್ದರೆ ಪುಂಡಿ ನಾರಿನ ಕುಂಚವೇ ಮುಖ್ಯವಾಗುತ್ತಿತ್ತು.

ಎಚ್ಚರಿಕೆಯ ಗುರುತು: ನಿಮ್ಮ ಒಂದು ವಾಕ್ಯ ಮೂರು ವಾಕ್ಯವಾಗಿ ಬೆಳೆಯುತ್ತಿದ್ದರೆ ನೀವು ಕತೆಯನ್ನು ಬಿಟ್ಟು ಹಬ್ಬವನ್ನು ವಿವರಿಸುತ್ತಿದ್ದೀರಿ.

## ಹಂತ 3: ಪದಗಳನ್ನು ಮೂರು ರಾಶಿ ಮಾಡಿ

ಈಗ ಪದಗಳ ಸರದಿ. ಹಬ್ಬ, ಅಡುಗೆ, ನೆಲ, ನಂಟಸ್ತಿಕೆಗೆ ಸೇರಿದ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ವಿಂಗಡಿಸಿ.

ಮೊದಲ ರಾಶಿಗೆ ಫ್ರೆಂಚಿನಲ್ಲಿ ನೇರ ಪದವಿರುವವು. ಇಲ್ಲಿ ಅನಗತ್ಯವಾಗಿ ಕನ್ನಡ ಉಳಿಸಿಕೊಳ್ಳಬೇಡಿ. ಗದ್ದೆಗೆ ‘ರಿಝಿಯೆರ್’ ಇದೆ, ದಣಪೆಗೆ ‘ಬಾರಿಯೆರ್’ ಸಾಕು. ಗಳ ಸರಿಸಿ ದಾಟುವ ದಣಪೆಯ ಅಂದ ಹೋಗುತ್ತದೆ ನಿಜ. ಆದರೆ ಗಂಡಸರು ಅದನ್ನು ದಾಟಿ ಹೋದರು, ಅವಳು ಒಳಗೇ ಉಳಿದಳು ಎಂಬುದಷ್ಟೇ ಕತೆಗೆ ಬೇಕು. ತೋಟದ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಮಲೆನಾಡಿನಲ್ಲಿ ತೋಟವೆಂದರೆ ಅಡಿಕೆ. ‘ಝಾರ್ದೆಂ’ ಎಂದರೆ ಹೂದೋಟವಾಗುತ್ತದೆ, ‘ಪ್ಲಾಂತಾಸಿಯೊಂ’ ಎಂದರೆ ದೊರೆಗಳ ಕಾಲದ ಎಸ್ಟೇಟಾಗುತ್ತದೆ. ಅಡಿಕೆ ಮರಗಳೆಂದೇ, ‘ಅರೆಕಿಯೆ’ ಎಂದೇ ಬರೆಯುವುದು ಒಳ್ಳೆಯದು. ಜಾತ್ರೆಯ ಕತೆಯಾದರೆ ‘ಫ್ವಾರ್’ ಬರೀ ಸಂತೆಯಾಗುತ್ತದೆ. ‘ಕೆರ್ಮೆಸ್’ ಎಂದರೆ ಇಗರ್ಜಿಯ ಗಂಟೆ ಕೇಳಿಸುತ್ತದೆ. ಅಲ್ಲಿಯೂ ‘ಫೆತ್’ ಇಟ್ಟು ದೇವಿಯ ಹೆಸರು ಸೇರಿಸಿ.

ಎರಡನೆಯ ರಾಶಿಗೆ ಸಂದರ್ಭವೇ ಅರ್ಥ ಹೇಳುವ ಪದಗಳು. ‘ಹಚ್ಚಂಬಲಿ’ಯನ್ನು ಹಾಗೆಯೇ ಉಳಿಸಬಹುದು, ಏಕೆಂದರೆ ಅತ್ತೆ ಅದನ್ನು ಒಲೆಯ ಮುಂದೆ ಕೂತು ಬೇಯಿಸುತ್ತಿದ್ದಾಳೆ. ತಿನ್ನುವಂಥದ್ದು ಎಂದು ಓದುಗನಿಗೆ ತಿಳಿಯಿತು. ಮುಂದಿನ ಪುಟದಲ್ಲಿ ಅದನ್ನು ಗದ್ದೆಗೆ ಬೀರುವಾಗ ಉಳಿದದ್ದೂ ತಿಳಿಯುತ್ತದೆ. ಗಂಜಿ ಎಂಬರ್ಥದ ‘ಬುಯ್ಯಿ’ ಹಾಕಿದರೆ ಮಗುವಿಗೆ ಉಣ್ಣಿಸುವ ಮೆತ್ತನೆಯ ಅನ್ನ ಕಣ್ಣಿಗೆ ಬರುತ್ತದೆ, ನೂರೊಂದು ಕುಡಿ ಸೇರಿಸಿ ಬೇಯಿಸಿದ ಸೊಪ್ಪಿನ ಎಡೆ ಬರುವುದಿಲ್ಲ. ಗದ್ದೆಯಲ್ಲಿ ಕೂಗುವ ‘ಹಚ್ಚಂಬಲಿ ಹಾಲಂಬಲಿ’ ಎಂಬ ಸೊಲ್ಲಿನ ಸದ್ದೂ ಆ ಪದವನ್ನು ಉಳಿಸಿದರೆ ತಾನಾಗಿ ಉಳಿಯುತ್ತದೆ. ಸೊಲ್ಲಿನ ಆ ಎರಡು ಪದಗಳನ್ನು ಕನ್ನಡದಲ್ಲೇ ಬಿಟ್ಟು, ಭೂಮಿತಾಯಿ ಉಂಡು ಹೋಗಲಿ ಎನ್ನುವ ಭಾಗವನ್ನು ಮಾತ್ರ ಫ್ರೆಂಚಿಗೆ ತನ್ನಿ. ಸೊಲ್ಲು ಊರಿಂದೂರಿಗೆ ಬದಲಾಗುತ್ತದೆ, ಕತೆಗಾರರು ಬರೆದ ಪಾಠವನ್ನೇ ಹಿಡಿಯಿರಿ.

ಮೂರನೆಯ ರಾಶಿಗೆ ಬರುವುದು ಕತೆ ತಿರುಗುವ ಜಾಗಕ್ಕೆ ಸೇರಿದ ಪದಗಳು ಮಾತ್ರ. ನಮ್ಮಲ್ಲಿ ಎರಡೇ ಇವೆ: ಹೊಡೆ ಮತ್ತು ಬಯಕೆ. ಟಿಪ್ಪಣಿಯ ಕೆಲಸವೆಲ್ಲ ಇವೆರಡರ ಮೇಲೆ. ಹತ್ತು ಹನ್ನೆರಡು ಪುಟದ ಕತೆಯಲ್ಲಿ ಈ ರಾಶಿ ಐದನ್ನು ದಾಟಿದರೆ ಹಂತ 2ಕ್ಕೆ ವಾಪಸ್ ಹೋಗಿ.

## ಹಂತ 4: ವಿವರಣೆ ಒಂದೂ ಇಲ್ಲದೆ ಪೂರ್ತಿ ಕರಡು

ಇದು ಮನಸ್ಸಿಗೆ ಒಗ್ಗದ ಹಂತ, ಆದರೆ ಇದನ್ನು ಬಿಟ್ಟರೆ ಮುಂದಿನದ್ದು ನಡೆಯುವುದಿಲ್ಲ. ಮೊದಲ ವಾಕ್ಯದಿಂದ ಕೊನೆಯವರೆಗೆ, ಆವರಣವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ, ‘ಅಂದರೆ’ ಎಂಬ ಪದವೂ ಇಲ್ಲದೆ ಅನುವಾದಿಸಿ. ಅರ್ಥವಾಗದೆ ಉಳಿಯುವ ಜಾಗಗಳು ಉಳಿಯಲಿ. ಈ ಕರಡಿನಲ್ಲಿ ನೀವು ತೀರ್ಮಾನಿಸಬೇಕಾದ ಸಂಗತಿಗಳು ಬೇರೆಯೇ ಇವೆ.

ಕಾಲ. ಕನ್ನಡದ ‘ಬಂದಳು’ ಒಂದೇ, ಫ್ರೆಂಚಿನಲ್ಲಿ ಎರಡು ದಾರಿ. ಬರಹದ ಕಥನಕ್ಕೆ ‘ಪಾಸೆ ಸೆಂಪ್ಲ್’, ಬಾಯಲ್ಲಿ ಹೇಳಿದಂತಿರುವ ಕಥನಕ್ಕೆ ‘ಪಾಸೆ ಕೊಂಪೊಝೆ’. ಹೊರಗಿನ ನಿರೂಪಕ ಹೇಳುವ ನಮ್ಮ ತುಣುಕಿಗೆ ಮೊದಲನೆಯದು ಹೊಂದುತ್ತದೆ. ಅಜ್ಜಿಯೊಬ್ಬಳು ತಾನೇ ಹೇಳುವ ಕತೆಯಾಗಿದ್ದರೆ ಎರಡನೆಯದು. ಮೊದಲ ಪುಟದಲ್ಲಿ ಆರಿಸಿದ್ದನ್ನು ಕೊನೆಯವರೆಗೆ ಬಿಡಬೇಡಿ. ಹಬ್ಬದ ಪದ್ಧತಿ ಹೇಳುವ ವಾಕ್ಯಗಳಲ್ಲಿ ಇನ್ನೊಂದು ಗುಂಡಿ ಇದೆ. ಕನ್ನಡದಲ್ಲಿ ‘ಜಾವಕ್ಕೆ ಗದ್ದೆಗೆ ಬೀರುತ್ತಾರೆ’ ಎಂದು ಕತೆಯ ನಡುವೆ ಸಲೀಸಾಗಿ ಬರುತ್ತದೆ. ಅದನ್ನು ಫ್ರೆಂಚಿನಲ್ಲೂ ವರ್ತಮಾನದಲ್ಲಿಟ್ಟರೆ ಪ್ರವಾಸಿ ಕೈಪಿಡಿಯ ದನಿ ಬರುತ್ತದೆ. ಅಂಥ ಕಡೆ ರೂಢಿಯ ಭೂತಕಾಲ ‘ಎಂಪಾರ್ಫೆ’ ಬಳಸಿದರೆ ವಾಕ್ಯ ಕತೆಯೊಳಕ್ಕೆ ಮರಳುತ್ತದೆ.

ನೀನು, ನೀವು. ಅತ್ತೆ ಸೊಸೆಗೆ ‘ಬಾರೇ’ ಎನ್ನುವುದು ‘ತ್ಯು’. ಸೊಸೆ ಅತ್ತೆಗೆ ಏನೆನ್ನುತ್ತಾಳೆಂದು ಮೂಲದಲ್ಲಿ ನೋಡಿ. ಏಕವಚನವಿದ್ದರೆ ಏಕವಚನವೇ ಇರಲಿ. ಮರ್ಯಾದೆ ಕಡಿಮೆಯಾದೀತೆಂದು ‘ವು’ ಹಾಕಿದರೆ ರೈತರ ಮನೆ ಜಮೀನ್ದಾರರ ಮನೆಯಾಗುತ್ತದೆ. ಭೂಮಿತಾಯಿಗೆ ‘ತ್ಯು’ ಎನ್ನಲು ಹಿಂಜರಿಯಬೇಡಿ. ಫ್ರೆಂಚ್ ಕ್ಯಾಥೊಲಿಕರೂ ದೇವರನ್ನು ಪ್ರಾರ್ಥಿಸುವುದು ಏಕವಚನದಲ್ಲೇ.

ಸಂಬೋಧನೆ. ನಿರೂಪಣೆಯಲ್ಲಿ ಅತ್ತೆ ‘ಬೆಲ್-ಮೆರ್’, ಗಂಡನ ತಾಯಿ. ಅದೇ ಅತ್ತೆ ಸೋದರತ್ತೆಯಾಗಿದ್ದರೆ ‘ತಾಂತ್’, ಇದನ್ನು ಕತೆಗಾರರನ್ನೇ ಕೇಳಿ ಖಚಿತ ಮಾಡಿಕೊಳ್ಳಿ. ಆದರೆ ಫ್ರೆಂಚ್ ಸೊಸೆ ಅತ್ತೆಯನ್ನು ‘ಬೆಲ್-ಮೆರ್’ ಎಂದು ಕೂಗುವುದಿಲ್ಲ. ಮಾತಿನಲ್ಲಿ ಬಂದಾಗ ‘ಅತ್ತೆ’ಯನ್ನೇ ಉಳಿಸಿ, ಕೊನೆಯ ಎಕಾರದ ಮೇಲೆ ಬಲಕ್ಕೆ ವಾಲಿದ ಗೀಟು ಹಾಕಿ. ಅದಿಲ್ಲದಿದ್ದರೆ ಅವರು ‘ಅತ್’ ಎಂದು ಓದಿ ಮುಗಿಸುತ್ತಾರೆ.

ಮಾತಿನ ಧಾಟಿ. ಮಲೆನಾಡಿನ ಆಡುನುಡಿಗೆ ಬದಲಾಗಿ ಫ್ರಾನ್ಸಿನ ಯಾವುದೋ ಪ್ರಾಂತ್ಯದ ಆಡುನುಡಿ ತರಬೇಡಿ. ತಂದರೆ ಅತ್ತೆ ಪ್ರೊವಾಂಸಿನವಳಾಗುತ್ತಾಳೆ. ಪದದಲ್ಲಲ್ಲ, ವಾಕ್ಯದ ಜೋಡಣೆಯಲ್ಲಿ ಆಡುಮಾತನ್ನು ತನ್ನಿ. ನಿಷೇಧದ ಮೊದಲ ತುಂಡನ್ನು ಬಿಡುವುದು, ಕರ್ತೃವನ್ನು ವಾಕ್ಯದ ಕೊನೆಗೆ ತಳ್ಳುವುದು ಎರಡೂ ಅಲ್ಲಿ ಮನೆಮಾತಿನ ಲಕ್ಷಣಗಳು. ‘ಅಲ್ದಾ’ ಎಂಬ ನಮ್ಮ ಕೊನೆಯ ಎಳೆತಕ್ಕೆ ಈ ಎರಡನೆಯದು ಚೆನ್ನಾಗಿ ಕೂಡುತ್ತದೆ.

ಹೆಸರುಗಳು. ಸಾವಿತ್ರಿಗೆ ತೊಂದರೆಯಿಲ್ಲ. ‘ಪುಟ್ಟ’ದಿಂದ ಶುರುವಾಗುವ ಹೆಸರುಗಳಿದ್ದರೆ ಸಂಗಾತಿಗೆ ಗಟ್ಟಿಯಾಗಿ ಓದಿ ಹೇಳಲು ಕೇಳಿ. ನಾವು ಇಂಗ್ಲಿಷಿನ ರೂಢಿಯಲ್ಲಿ ಬರೆಯುವ ಕಾಗುಣಿತ ಫ್ರೆಂಚ್ ಕಣ್ಣಿಗೆ ಒಂದು ಕೆಟ್ಟ ಬೈಗುಳದಂತೆ ಕಾಣುತ್ತದೆ. ಉಕಾರಕ್ಕೆ ಫ್ರೆಂಚ್ ರೂಢಿಯ ಎರಡಕ್ಷರದ ಕಾಗುಣಿತ ಬಳಸಿದರೆ ಸ್ವಲ್ಪ ದೂರವಾಗುತ್ತದೆ. ಕತೆಗಾರರಿಗೆ ಹೇಳಿ ಒಪ್ಪಿಗೆ ಪಡೆದೇ ಮಾಡಿ, ಮತ್ತು ಕತೆಯ ಎಲ್ಲ ಹೆಸರಿಗೂ ಅದೇ ಪದ್ಧತಿ ಅನ್ವಯಿಸಿ. ಶಿವಮೊಗ್ಗ, ಸಾಗರದಂಥ ಊರ ಹೆಸರುಗಳು ಮಾತ್ರ ನಕಾಶೆಯಲ್ಲಿರುವಂತೆಯೇ ಇರಲಿ, ಓದುಗ ಹುಡುಕಿದರೆ ಸಿಗಬೇಕು.

## ಹಂತ 5: ಈಗ ವಿವರಣೆಯನ್ನು ಒಳಗೆ ಇಳಿಸಿ

ಮೂರನೆಯ ರಾಶಿಯನ್ನು ಈಗ ಕೈಗೆತ್ತಿಕೊಳ್ಳಿ. ಒಂದು ನಿಯಮ ಸಾಕು: ಸೇರಿಸುವ ಮಾತನ್ನು ಕತೆಯೊಳಗಿನ ಯಾರಾದರೂ ನೋಡಿರಬೇಕು ಅಥವಾ ಆಡಬಲ್ಲವರಾಗಿರಬೇಕು. ‘ಮಲೆನಾಡಿನ ರೈತರು ಭತ್ತದ ಪೈರನ್ನು ಗರ್ಭಿಣಿಯೆಂದು ಭಾವಿಸುತ್ತಾರೆ’ ಎಂದು ಅತ್ತೆಯ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಹೀಗಾಗಿ ಆ ವಾಕ್ಯಕ್ಕೆ ಕತೆಯಲ್ಲಿ ಜಾಗವಿಲ್ಲ.

ಮೊದಲು ಹೊಡೆ. ‘ಗದ್ದೆ ಹೊಡೆಗೆ ಬಂದಿತ್ತು’ ಎಂಬಲ್ಲಿ ತೆನೆ ಇನ್ನೂ ಎಲೆಯ ಸುರುಳಿಯೊಳಗಿದೆ, ಹೊಟ್ಟೆ ಉಬ್ಬಿದೆ. ಫ್ರೆಂಚ್ ಬೇಸಾಯದ ಮಾತಿನಲ್ಲೂ ಈ ಹಂತಕ್ಕೆ ಉಬ್ಬುವುದು ಎಂಬರ್ಥದ ಪದವಿದೆ. ಆದರೆ ಅದು ಕೃಷಿ ಇಲಾಖೆಯ ಪದ, ಬಸಿರು ಅದರಲ್ಲಿಲ್ಲ. ನೇರವಾಗಿ ಬಸುರಿ ಎನ್ನೋಣವೆಂದರೆ ವ್ಯಾಕರಣ ಅಡ್ಡ ಬರುತ್ತದೆ. ಅಕ್ಕಿಗೂ ಭತ್ತಕ್ಕೂ ಅಲ್ಲಿರುವ ‘ರಿ’ ಪುಲ್ಲಿಂಗ. ಬಸುರಿ ಎಂಬ ‘ಆಂಸೆಂತ್’ ಅನ್ನು ಅದಕ್ಕೆ ಹೊಂದಿಸಿದರೆ ‘ಆಂಸೆಂ’ ಆಗಿ ನಗೆಪಾಟಲಾಗುತ್ತದೆ. ಪರಿಹಾರ ನಮ್ಮ ಮೂಲದಲ್ಲೇ ಇದೆ. ಕತೆಗಾರರು ಭತ್ತ ಎಂದಿಲ್ಲ, ಗದ್ದೆ ಎಂದಿದ್ದಾರೆ. ‘ರಿಝಿಯೆರ್’ ಸ್ತ್ರೀಲಿಂಗ, ಭೂಮಿಯ ‘ತೆರ್’ ಕೂಡ ಸ್ತ್ರೀಲಿಂಗ. ಕತೆಯುದ್ದಕ್ಕೂ ಪೈರಿನ ಮಾತು ಬಂದಲ್ಲೆಲ್ಲ ಇವೆರಡರಲ್ಲಿ ಒಂದನ್ನು ಕರ್ತೃವಾಗಿಸಿ.

ಇನ್ನು ವಿಶೇಷಣ. ‘ಆಂಸೆಂತ್’ ಆಸ್ಪತ್ರೆಯಲ್ಲೂ ನಡೆಯುವ ತಟಸ್ಥ ಪದ. ‘ಪ್ಲೆನ್’ ಗಬ್ಬದ ದನಕ್ಕೆ ಹೇಳುವಂಥದ್ದು. ಹಳ್ಳಿಯ ಬಾಯಿಗೆ ಹತ್ತಿರ ‘ಗ್ರೋಸ್’. ಆದರೆ ಬರೀ ‘ಲಾ ರಿಝಿಯೆರ್ ಎತೆ ಗ್ರೋಸ್’ ಎಂದರೆ ಗದ್ದೆ ದೊಡ್ಡದಿತ್ತು ಎಂದು ಓದುವ ಅಪಾಯವಿದೆ. ಯಾವುದರಿಂದ ಎಂದು ಸೇರಿಸಿದ ಕೂಡಲೇ ಅನುಮಾನ ತೀರುತ್ತದೆ: «ಲಾ ರಿಝಿಯೆರ್ ಎತೆ ಗ್ರೋಸ್ ದ ಸೋಂ ಗ್ರೆಂ», ಗದ್ದೆ ತನ್ನ ಕಾಳನ್ನು ಹೊತ್ತು ಬಸುರಾಗಿತ್ತು. ಸೇರಿದ್ದು ಮೂರೇ ಪದ, ವಿವರಣೆ ಪೂರ್ತಿ ಅದರೊಳಗಿದೆ, ಓದುಗನಿಗೆ ಅದು ವಿವರಣೆಯೆಂದು ಗೊತ್ತೂ ಆಗುವುದಿಲ್ಲ.

ಆಮೇಲೆ ಬಯಕೆ. ಇಲ್ಲಿ ಫ್ರೆಂಚ್ ನಮಗೆ ಒದಗಿ ಬರುತ್ತದೆ. ಬಸುರಿಯ ಬಯಕೆಗೆ ಅಲ್ಲಿ ಬಹುವಚನದ ‘ಆಂವಿ’ ಎಂಬ ಪದ ಮನೆಮನೆಯಲ್ಲೂ ಬಳಕೆಯಲ್ಲಿದೆ. ಹೀಗಾಗಿ ಇದಕ್ಕೆ ಟಿಪ್ಪಣಿಯೇ ಬೇಡ. ತೊಡಕು ಒಂದೇ, ಆ ಪದಕ್ಕೆ ಬರೀ ಆಸೆ ಎಂಬ ಅರ್ಥವೂ ಇದೆ. ಯಾರ ಬಯಕೆ ಎಂದು ಕಟ್ಟಿಹಾಕಿದರೆ ಸರಿಹೋಗುತ್ತದೆ: «ಸೆ ಪೂರ್ ಸೆಝ್ ಆಂವಿ, ಆ ಲಾ ತೆರ್», ಅದು ಅವಳ ಬಯಕೆಗೆ, ಭೂಮಿಯದ್ದು. ‘ಭೂಮಿಯದ್ದು’ ಎಂಬುದನ್ನು ಕೊನೆಗೆ ಎಳೆದದ್ದು ಮನೆಮಾತಿನ ಧಾಟಿ. ಊಟ ಎಂಬ ಪದ ಬಿಟ್ಟುಹೋಯಿತು. ಹಚ್ಚಂಬಲಿ ಆಗಲೇ ಬೆಂದಿದೆಯಾದ್ದರಿಂದ ಅರ್ಥಕ್ಕೆ ಕೊರತೆಯಿಲ್ಲ.

ಈಗ ನಾಲಿಗೆ ಕಚ್ಚಿಕೊಳ್ಳುವುದು. ಅದೇ ನುಡಿಗಟ್ಟು ಫ್ರೆಂಚಿನಲ್ಲೂ ಇದೆ, ಆದರೆ ಆಡುವ ಮೊದಲೇ ತಡೆದುಕೊಂಡಳು ಎಂಬರ್ಥವೂ ಅದಕ್ಕುಂಟು. ನಮ್ಮ ಅತ್ತೆ ಆಡಿಬಿಟ್ಟಿದ್ದಾಳೆ. ‘ಅಂದವಳು’ ಎಂಬ ಕನ್ನಡದ ಒಂದು ಪದ ಅದನ್ನು ಹೇಳುತ್ತಿದೆ. «ತ್ರೊ ತಾರ್, ಎಲ್ ಸ ಮೊರ್ದಿ ಲಾ ಲಾಂಗ್», ತಡವಾಗಿ ನಾಲಿಗೆ ಕಚ್ಚಿಕೊಂಡಳು. ಇಲ್ಲಿಗೆ ನಿಲ್ಲಿಸಿ. ‘ಸಾವಿತ್ರಿಗೆ ಮಕ್ಕಳಿರಲಿಲ್ಲ’ ಎಂದು ಸೇರಿಸಲು ಕೈ ತುಡಿಯುತ್ತದೆ, ಸೇರಿಸಬೇಡಿ. ಮೂಲದಲ್ಲಿ ಅದನ್ನು ಎಷ್ಟು ಹೊತ್ತು ಮುಚ್ಚಿಟ್ಟಿದ್ದಾರೋ ಅಷ್ಟೇ ಹೊತ್ತು ಮುಚ್ಚಿಡುವುದು ನಮ್ಮ ಹೊಣೆ.

ವಾಕ್ಯದೊಳಗೆ ಇಳಿಯದ ಸಂಗತಿ ಉಳಿದರೆ ಅದಕ್ಕೆ ಎರಡು ಜಾಗಗಳಿವೆ. ಒಂದು ‘ಶಾಪೊ’, ಕತೆಯ ನೆತ್ತಿಯ ಮೇಲೆ ಬರುವ ಮೂರು ನಾಲ್ಕು ವಾಕ್ಯದ ಪರಿಚಯ. ಜಾತಿಯ ಸಂಗತಿ ಇಲ್ಲಿಗೆ ಸಲ್ಲುತ್ತದೆ. ಊಟ, ಮಾತು, ಬುಟ್ಟಿಯ ಚಿತ್ತಾರ ನೋಡಿ ನಮ್ಮ ಓದುಗ ಇದು ದೀವರ ಮನೆಯೆಂದು ತಿಳಿಯುತ್ತಾನೆ, ಫ್ರೆಂಚ್ ಓದುಗನಿಗೆ ಆ ದಾರಿಯಿಲ್ಲ. ಪಶ್ಚಿಮಘಟ್ಟದ ಮಳೆನಾಡಿನ ಬೇಸಾಯಗಾರ ಸಮುದಾಯವೊಂದರ ಮನೆ, ತೆನೆ ಕಟ್ಟುವ ಹುಣ್ಣಿಮೆ ಎಂದು ಹೇಳಿದರೆ ಮುಗಿಯಿತು. ಹುಣ್ಣಿಮೆಯನ್ನು ‘ಶರತ್ಕಾಲದ್ದು’ ಎಂದು ಬರೆಯಬೇಡಿ, ಅವರಿಗೆ ಎಲೆಯುದುರುವ ಕಾಲ ಕಾಣುತ್ತದೆ. ನಮ್ಮಲ್ಲಿ ಅದು ಮಳೆ ಹಿಂದೆ ಸರಿದು ಗದ್ದೆ ಹಸಿರು ತುಂಬಿರುವ ಹೊತ್ತು. ‘ಮಳೆಗಾಲದ ಕೊನೆಗೆ’ ಎಂದರೆ ಸರಿ. ಶಾಪೊದಲ್ಲಿ ಸೀಮಂತ, ಬಂಜೆತನ ಎಂಬ ಮಾತು ಎತ್ತಿದರೆ ಕತೆಯನ್ನು ಬಾಗಿಲಲ್ಲೇ ಕೊಂದಂತೆ.

ಎರಡನೆಯ ಜಾಗ ಅನುವಾದಕನ ಅಡಿಟಿಪ್ಪಣಿ. ಇಡೀ ಕತೆಗೆ ಒಂದು, ತೀರಾ ಹೆಚ್ಚೆಂದರೆ ಎರಡು. ಕೊನೆಯಲ್ಲಿ ಪದಕೋಶ ಮಾತ್ರ ಬೇಡವೇ ಬೇಡ. ಪುಸ್ತಕಕ್ಕೆ ಅದು ನಡೆಯುತ್ತದೆ, ಪತ್ರಿಕೆಯಲ್ಲಿ ಪುಟ ತಿರುವಿ ಹುಡುಕುವ ವ್ಯವಧಾನ ಯಾರಿಗೂ ಇರುವುದಿಲ್ಲ.

## ಹಂತ 6: ಏನೂ ಗೊತ್ತಿಲ್ಲದ ಓದುಗರಿಂದ ಓದಿಸಿ

ಭಾರತಕ್ಕೆ ಬಂದಿರದ, ನಿಮ್ಮಿಂದ ಕತೆ ಕೇಳಿರದ ಇಬ್ಬರು ಫ್ರೆಂಚ್ ಓದುಗರನ್ನು ಹುಡುಕಿ. ಸಂಗಾತಿ ಈ ಕೆಲಸಕ್ಕೆ ಒದಗುವುದಿಲ್ಲ, ಅವರಿಗೆ ಈಗ ಎಲ್ಲ ಗೊತ್ತು. ‘ಅರ್ಥವಾಯಿತಾ’ ಎಂದು ಕೇಳಬೇಡಿ, ಎಲ್ಲರೂ ಸೌಜನ್ಯಕ್ಕೆ ಹೌದೆನ್ನುತ್ತಾರೆ. ಅತ್ತೆ ಯಾಕೆ ಹಾಗೆ ಮಾಡಿದಳು ಎಂದು ಅವರ ಬಾಯಿಂದಲೇ ಹೇಳಿಸಿ.

ಉತ್ತರದಲ್ಲೇ ರೋಗದ ಗುರುತಿರುತ್ತದೆ. ‘ಸೊಸೆಗೆ ಹೊರಗೆ ಹೋಗಲು ಅನುಮತಿಯಿಲ್ಲವೇನೋ’ ಎಂದರೆ ಬಸಿರಿನ ಸಂಗತಿ ಮುಟ್ಟಿಲ್ಲ, ಹೊಡೆಯ ವಾಕ್ಯಕ್ಕೆ ಮರಳಿ. ‘ಎಷ್ಟು ಸುಂದರವಾದ ಸಂಪ್ರದಾಯ’ ಎಂದು ಹಬ್ಬವನ್ನೇ ಹೊಗಳಿ ಸಾವಿತ್ರಿಯ ಹೆಸರೆತ್ತದಿದ್ದರೆ ವಿವರಣೆ ಹೆಚ್ಚಾಗಿದೆ, ತೆಗೆಯಿರಿ. ‘ಪಾಪ ಸಾವಿತ್ರಿ’ ಎಂದರೆ ಮುಟ್ಟಿದೆ, ಹಚ್ಚಂಬಲಿಗೆ ಏನು ಹಾಕುತ್ತಾರೆಂದು ಅವರಿಗೆ ತಿಳಿಯದಿದ್ದರೂ ಚಿಂತೆಯಿಲ್ಲ. ಯಾವುದೋ ಪದ ಕೇಳಿ ಮುಖ ಕಿವುಚಿದರೆ ಅದನ್ನೂ ಗಮನಿಸಿ. ಸಗಣಿಯ ‘ಬೂಝ್’ ಅಂಥದ್ದು. ಬುಟ್ಟಿಗೆ ಸಗಣಿ ಸಾರಿಸಿದರು ಎಂಬಲ್ಲಿ ಮಣ್ಣನ್ನೂ ಜೊತೆಗೆ ಹೇಳಿ ಗೋಡೆಗೆ ಮೆತ್ತುವ ಗಿಲಾವಿನ ಪದ ಬಳಸಿದರೆ ಅಸಹ್ಯ ಹೋಗಿ ಕೆಲಸದ ಚಿತ್ರ ಉಳಿಯುತ್ತದೆ.

## ಹಂತ 7: ಅಚ್ಚಿನ ಶಿಸ್ತು ಮತ್ತು ರವಾನೆ

ಸಂಭಾಷಣೆಗೆ ನಮ್ಮ ಉದ್ಧರಣ ಚಿಹ್ನೆಗಳನ್ನು ಹಾಕಬೇಡಿ. ಫ್ರೆಂಚ್ ಕಥನದಲ್ಲಿ ಪ್ರತಿ ಮಾತೂ ಹೊಸ ಸಾಲಿನಲ್ಲಿ ಉದ್ದ ಗೀಟಿನಿಂದ ಶುರುವಾಗುತ್ತದೆ, ಅಥವಾ « » ಚಿಹ್ನೆಗಳೊಳಗೆ ಬರುತ್ತದೆ. ಆ ಪತ್ರಿಕೆಯ ಹಳೆಯ ಸಂಚಿಕೆ ನೋಡಿ ಅವರದ್ದೇ ಕ್ರಮ ಹಿಡಿಯಿರಿ. ಪ್ರಶ್ನೆ, ಆಶ್ಚರ್ಯ, ಅರ್ಧವಿರಾಮ ಚಿಹ್ನೆಗಳ ಮೊದಲು ಮುರಿಯದ ಸಣ್ಣ ಜಾಗ ಇರಬೇಕು, ಅದರ ಸಂಕೇತ U+202F. ಇದು ತಪ್ಪಿದರೆ ಪ್ರಶ್ನೆ ಚಿಹ್ನೆ ಒಂಟಿಯಾಗಿ ಮುಂದಿನ ಸಾಲಿಗೆ ಜಾರುತ್ತದೆ, ಸಂಪಾದಕರಿಗೆ ಪಳಗದ ಕೈ ಎಂದು ಮೊದಲ ನೋಟಕ್ಕೇ ಗೊತ್ತಾಗುತ್ತದೆ.

ಉಳಿಸಿದ ಕನ್ನಡ ಪದಗಳಿಗೆ ಮೊದಲ ಸಲ ಮಾತ್ರ ಓರೆ ಅಕ್ಷರ ಸಾಕು. ಪ್ರತಿ ಸಲವೂ ಓರೆ ಮಾಡಿದರೆ ಹಚ್ಚಂಬಲಿ ಕೊನೆಯವರೆಗೂ ಪರದೇಶಿಯಾಗಿಯೇ ಉಳಿಯುತ್ತದೆ. ಆ ಪದಗಳಿಗೆ ಫ್ರೆಂಚಿನಲ್ಲಿ ಲಿಂಗವನ್ನೂ ನೀವೇ ಗೊತ್ತುಮಾಡಬೇಕು. ಮೂರನೆಯ ಪುಟದಲ್ಲಿ ಸ್ತ್ರೀಲಿಂಗವಾಗಿದ್ದದ್ದು ಎಂಟನೆಯದರಲ್ಲಿ ಪುಲ್ಲಿಂಗವಾಗಿರುವುದು ಕಡತದಲ್ಲಿ ಪದ ಹುಡುಕಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಕಳಿಸುವಾಗ ಅನುವಾದ, ಮೂಲ ಕನ್ನಡದ ಪ್ರತಿ, ಸಹಿಯಾದ ಅನುಮತಿ, ಸೀನ್ ಲೆಕ್ಕ ಜೊತೆಗಿರಲಿ. ಪತ್ರದಲ್ಲಿ ಉಳಿಸಿಕೊಂಡ ಪದಗಳ ಪಟ್ಟಿಯನ್ನೂ, ಪ್ರತಿಯೊಂದನ್ನು ಯಾಕೆ ವಿವರಿಸಿಲ್ಲ ಎಂಬುದನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಸಂಪಾದಕರು ಕರಡಚ್ಚಿನಲ್ಲಿ ‘ಇಲ್ಲೊಂದು ಟಿಪ್ಪಣಿ ಬೇಕಲ್ಲವೇ’ ಎಂದು ಕೇಳುವುದು ಈ ಪದಗಳ ಬಗ್ಗೆಯೇ. ಕೇಳಿದಾಗ ಕೂಡಲೇ ಅಡಿಟಿಪ್ಪಣಿ ಬರೆದುಕೊಡಬೇಡಿ. ಹಂತ 6ರಲ್ಲಿ ಇಬ್ಬರು ಓದುಗರು ಆ ಜಾಗದಲ್ಲಿ ಏನು ಹೇಳಿದರೆಂದು ನೋಡಿ. ಅವರಿಗೆ ತಿಳಿದಿದ್ದರೆ ಅದನ್ನೇ ಸಂಪಾದಕರಿಗೆ ಬರೆಯಿರಿ. ತಿಳಿದಿರದಿದ್ದರೆ ವಾಕ್ಯದೊಳಗೇ ಎರಡು ಪದ ಸೇರಿಸುವ ದಾರಿ ಹುಡುಕಿ, ಮತ್ತು ಆ ಬದಲಾವಣೆಯನ್ನು ಕತೆಗಾರರಿಗೆ ಕನ್ನಡದಲ್ಲಿ ಹೇಳಿ ಒಪ್ಪಿಗೆ ಪಡೆದ ಮೇಲೆಯೇ ಕರಡಚ್ಚು ವಾಪಸ್ ಕಳಿಸಿ.